ಹಗ್ಗಾಯನ ಪುಸ್ತಕವನ್ನು ಪುರುಷರ ಕೂಟದಲ್ಲಿ ನಾಲ್ಕು ವಾರ ಓದುವ ಬಗೆ

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ನಮ್ಮದು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿಯ ಸಭೆ. ಗುರುವಾರ ರಾತ್ರಿ ಹತ್ತು ಹನ್ನೆರಡು ಮಂದಿ ಗಂಡಸರು ಕೂಡುತ್ತೇವೆ. ಹೆಚ್ಚಿನವರು ರೈತರು, ಮೂವರು ಅಕ್ಕಿ ಗಿರಣಿಯಲ್ಲಿ ಹಮಾಲರು, ಕೆಲವರಿಗೆ ಓದು ಬರುವುದಿಲ್ಲ. ಪ್ರವಾದಿಗಳ ಪುಸ್ತಕಗಳಲ್ಲಿ ಚಿಕ್ಕದೊಂದನ್ನು ತಿಂಗಳ ಕಾಲ ಓದಬೇಕೆಂದಿದ್ದೇವೆ. ನಮ್ಮ ದೇವಾಲಯದ ಕಟ್ಟಡ ಅರ್ಧಕ್ಕೆ ನಿಂತಿರುವುದರಿಂದ ಹಿರಿಯರು ಹಗ್ಗಾಯನನ್ನು ಓದೋಣ ಎನ್ನುತ್ತಾರೆ. ನಡೆಸುವ ಹೊಣೆ ನನ್ನದು. ಹೇಗೆ ಸಿದ್ಧಮಾಡಿಕೊಳ್ಳಲಿ?

ಉತ್ತರ: ಸಹೋದರರೇ, ವಂದನೆಗಳು. ಹಗ್ಗಾಯ ನಿಮ್ಮ ಕೂಟಕ್ಕೆ ಹೇಳಿ ಮಾಡಿಸಿದಂತಹ ಪುಸ್ತಕ. ಇರುವುದು ಎರಡೇ ಅಧ್ಯಾಯ, 38 ವಚನ. ಬಿತ್ತನೆ, ರಾಶಿ, ಕೂಲಿ, ಮಳೆ ಎಂದು ಮಾತನಾಡುವ ಪ್ರವಾದಿ. ಆದರೆ ಹಿರಿಯರು ಕೊಟ್ಟ ಕಾರಣವನ್ನು ಮಾತ್ರ ಆರಂಭದಲ್ಲೇ ಬದಿಗಿಡಬೇಕು. ಓದುವ ಈ ನಾಲ್ಕು ವಾರ ಕಟ್ಟಡದ ಚಂದಾ ಪುಸ್ತಕ ಕೂಟದೊಳಗೆ ಬರಬಾರದು. ಹಣ ಕೊಡಲಾಗದ ಹಮಾಲನೊಬ್ಬ ಪುಸ್ತಕದ ಮೊದಲ ವಚನದಲ್ಲೇ ತಲೆ ತಗ್ಗಿಸಿ ಕೂತರೆ ಮುಂದಿನ 37 ವಚನ ಅವನ ಕಿವಿಗೆ ಬೀಳುವುದಿಲ್ಲ. ಹಗ್ಗಾಯ ಯಾರಿಂದಲೂ ಇಂತಿಷ್ಟು ಹಣ ಕೇಳಿದವನೂ ಅಲ್ಲ. ಬೆಟ್ಟ ಹತ್ತಿ ಮರ ತಂದು ಆಲಯವನ್ನು ಕಟ್ಟಿರಿ ಎನ್ನುತ್ತಾನೆ (1:8). ಅವನು ಕೇಳುವುದು ಮೈಗೆಲಸವನ್ನು. ಖರ್ಚನ್ನು ರಾಜಾದಾಯದಿಂದ ಕೊಡಬೇಕೆಂದು ಪಾರಸಿಯ ಅರಸ ದಾರ್ಯಾವೆಷನೇ ಆಜ್ಞೆ ಹೊರಡಿಸಿದ ಸಂಗತಿ ಎಜ್ರನ ಆರನೆಯ ಅಧ್ಯಾಯದಲ್ಲಿದೆ.

ಮೊದಲ ಗುರುವಾರ ವಿವರಣೆಗೆ ಕೈಹಾಕುವ ಮುನ್ನ ಪುಸ್ತಕವನ್ನು ಇಡಿಯಾಗಿ ಗಟ್ಟಿಯಾಗಿ ಓದಿಸಿ. ನಿಧಾನವಾಗಿ ಓದಿದರೂ ಕಾಲು ಗಂಟೆಯೊಳಗೆ ಮುಗಿಯುತ್ತದೆ. ಒಬ್ಬರು ಪ್ರವಾದಿಯ ಮಾತು ಓದಲಿ, ಇನ್ನೊಬ್ಬರು ಉಳಿದ ಕಥನವನ್ನು ಓದಲಿ. ಓದು ಬಾರದವರು ಇದರಿಂದ ಹಿಂದೆ ಬೀಳುವುದಿಲ್ಲ. ಹಗ್ಗಾಯನ ಎದುರು ನಿಂತಿದ್ದ ಜನರೂ ಕಿವಿಯಿಂದಲೇ ಇದನ್ನು ಪಡೆದುಕೊಂಡರು.

ನಡೆಸುವವರಾಗಿ ನೀವು ಮಾಡಿಕೊಳ್ಳಬೇಕಾದ ಮುಖ್ಯ ಸಿದ್ಧತೆ ಒಂದೇ, ತಾರೀಕುಗಳು. ಬೇರೆ ಪ್ರವಾದಿಗಳಲ್ಲಿ ಹೆಚ್ಚಿನ ಮಾತುಗಳಿಗೆ ದಿನ ಹೇಳಿಲ್ಲ. ಹಗ್ಗಾಯನಲ್ಲಿ ಪ್ರತಿಯೊಂದು ಸಂದೇಶಕ್ಕೂ ದಿನವಿದೆ, ಆ ದಿನಗಳನ್ನು ಹಿಡಿದು ಓದದಿದ್ದರೆ ಪುಸ್ತಕ ತಲೆಕೆಳಗಾಗುತ್ತದೆ. ಒಂದು ದೊಡ್ಡ ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿ. ಎಲ್ಲವೂ ದಾರ್ಯಾವೆಷನ ಆಳ್ವಿಕೆಯ ಎರಡನೆಯ ವರ್ಷ, ಅಂದರೆ ಕ್ರಿ.ಪೂ. 520. ಆರನೆಯ ತಿಂಗಳ ಒಂದನೆಯ ದಿನ ಮೊದಲ ಸಂದೇಶ, ನಮ್ಮ ಲೆಕ್ಕದಲ್ಲಿ ಆಗಸ್ಟ್ 29. ಅದೇ ತಿಂಗಳ 24ರಂದು ಕೆಲಸ ಆರಂಭ, ಸೆಪ್ಟೆಂಬರ್ 21. ಏಳನೆಯ ತಿಂಗಳ 21ರಂದು ಎರಡನೆಯ ಸಂದೇಶ, ಅಕ್ಟೋಬರ್ 17. ಒಂಬತ್ತನೆಯ ತಿಂಗಳ 24ರಂದು ಮೂರನೆಯದೂ ನಾಲ್ಕನೆಯದೂ, ಡಿಸೆಂಬರ್ 18. ನಾಲ್ಕು ತಿಂಗಳೊಳಗೆ ಪುಸ್ತಕವೇ ಮುಗಿಯಿತು.

ಇದರ ಕೆಳಗೆ ಯೆಹೂದದ ಬೇಸಾಯದ ವರ್ಷವನ್ನು ಬರೆಯಿರಿ, ಅದರ ಕೆಳಗೆ ನಿಮ್ಮ ಊರಿನದನ್ನು. ಇಲ್ಲಿ ನಮ್ಮ ಭಾಗದ ಓದುಗರು ಎಡವುವುದನ್ನು ಕಂಡಿದ್ದೇನೆ. ಆಗಸ್ಟ್ ಎಂದೊಡನೆ ನಮ್ಮ ಕಣ್ಣ ಮುಂದೆ ಮುಂಗಾರಿನ ಹಸಿರು ಹೊಲ ಬರುತ್ತದೆ. ಯೆಹೂದದಲ್ಲಿ ಬೇಸಿಗೆಯುದ್ದಕ್ಕೂ ಮಳೆಯೇ ಇಲ್ಲ. ಅಲ್ಲಿ ಮೊದಲ ಮಳೆ ಬೀಳುವುದು ಅಕ್ಟೋಬರ್‌ನಿಂದೀಚೆಗೆ. ಆಮೇಲೆ ಉತ್ತು ಗೋಧಿ, ಜವೆಗೋಧಿ ಬಿತ್ತುತ್ತಾರೆ, ಕೊಯ್ಲು ಏಪ್ರಿಲ್ ಮೇ ತಿಂಗಳಲ್ಲಿ. ದ್ರಾಕ್ಷಿ, ಅಂಜೂರ ಬೇಸಿಗೆಯ ಕೊನೆಗೆ, ಎಣ್ಣೆಮರದ ಕಾಯಿ ಅದರ ನಂತರ. ಕಪ್ಪು ನೆಲದಲ್ಲಿ ಹಿಂಗಾರಿ ಜೋಳ ಬಿತ್ತುವ ರೈತನಿಗೆ ಈ ಲೆಕ್ಕ ಬೇಗ ಹಿಡಿಸುತ್ತದೆ. ಆ ಸಾಲನ್ನು ತುಂಬಿಸುವ ಕೆಲಸ ಅಂತಹವರಿಗೇ ಬಿಡಿ.

ಹಿನ್ನೆಲೆಯನ್ನು ಐದು ನಿಮಿಷಕ್ಕಿಂತ ಹೆಚ್ಚು ಹೇಳಬೇಡಿ. ಕ್ರಿ.ಪೂ. 586ರಲ್ಲಿ ಬಾಬೆಲಿನವರು ದೇವಾಲಯವನ್ನು ಸುಟ್ಟರು. 538ರಲ್ಲಿ ಪಾರಸಿಯ ಕೋರೆಷ ಹಿಂತಿರುಗಲು ಬಿಟ್ಟ. ಮರಳಿದವರು ಅಸ್ತಿವಾರ ಹಾಕಿದರು, ನೆರೆಯವರ ವಿರೋಧದಿಂದ ಕೆಲಸ ನಿಂತಿತು, ನಿಂತದ್ದು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ನಿಂತೇ ಇತ್ತು. ವಿರೋಧಿಗಳ ವಿಷಯ ತಿಳಿಯುವುದು ಎಜ್ರನ ಪುಸ್ತಕದಿಂದ. ಹಗ್ಗಾಯ ಅವರ ಹೆಸರೆತ್ತುವುದೇ ಇಲ್ಲ ಎಂಬುದನ್ನು ಗಮನಿಸಲು ಹೇಳಿ. ಇನ್ನೂ ಕಾಲ ಬಂದಿಲ್ಲ ಎನ್ನುವ ತನ್ನ ಜನರ ಮಾತನ್ನಷ್ಟೇ ಅವನು ಹಿಡಿಯುತ್ತಾನೆ.

ಅದೇ ವಾರ ಒಂದನೆಯ ಅಧ್ಯಾಯವನ್ನು ಎತ್ತಿಕೊಳ್ಳಿ. ಆರನೆಯ ವಚನದಲ್ಲಿ ಐದು ಸಂಗತಿಗಳಿವೆ: ಬಹಳ ಬಿತ್ತಿ ಸ್ವಲ್ಪ ತಂದದ್ದು, ಉಂಡರೂ ಹಸಿವು ತೀರದ್ದು, ಕುಡಿದರೂ ಸಾಲದ್ದು, ಹೊದ್ದರೂ ಬೆಚ್ಚಗಾಗದ್ದು, ಕೂಲಿಯನ್ನು ತೂತು ಚೀಲದಲ್ಲಿ ಹಾಕಿಟ್ಟದ್ದು. ಐದನೆಯದನ್ನು ಹಮಾಲರೇ ಬಿಡಿಸಿ ಹೇಳಲಿ. ಶನಿವಾರದ ಪಗಾರ ಸೋಮವಾರಕ್ಕೆ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗೆ ಅವರಿಗಿಂತ ಚೆನ್ನಾಗಿ ಉತ್ತರಿಸುವವರು ನಿಮ್ಮಲ್ಲಿಲ್ಲ. ಬಡ್ಡಿ, ಆಸ್ಪತ್ರೆ, ಮದುವೆಯ ಸಾಲ, ಕುಡಿತ ಎಲ್ಲವೂ ಬರಬಹುದು. ಬಂದದ್ದನ್ನು ತಿದ್ದಲು ಹೋಗದೆ ಕೇಳಿಸಿಕೊಳ್ಳಿ.

ಮುಂದೆ ಒಂಬತ್ತರಿಂದ ಹನ್ನೊಂದನೆಯ ವಚನಗಳಿಗೆ ಬಂದಾಗ ಕೂಟ ಜಾರುವ ಸಾಧ್ಯತೆ ಹೆಚ್ಚು. ಆಕಾಶ ಇಬ್ಬನಿಯನ್ನು ತಡೆಯಿತು, ನಾನೇ ಬರವನ್ನು ಕರೆದೆನು ಎಂದು ದೇವರು ಹೇಳುತ್ತಾನೆ. ಕೂಡಲೇ ಯಾರಾದರೂ, ನಮ್ಮೂರಿಗೆ ಮಳೆ ಹೋದದ್ದೂ ಇದಕ್ಕೇ, ಇಂಥವರು ದಶಮಾಂಶ ಕೊಡಲಿಲ್ಲ ಎನ್ನುತ್ತಾರೆ. ಮಾತು ‘ಅವರು’ ಎಂದು ಶುರುವಾಯಿತೆಂದರೆ ಹಗ್ಗಾಯ ಕೈಬಿಟ್ಟುಹೋದನೆಂದೇ ತಿಳಿಯಿರಿ. ಅವನ ಮಾತು ಉದ್ದಕ್ಕೂ ಎದುರಿಗಿದ್ದವರಿಗೆ, ‘ನೀವು’ ಎಂದೇ. ಅದೂ ಧರ್ಮೋಪದೇಶಕಾಂಡದ 28ನೆಯ ಅಧ್ಯಾಯದ ಒಡಂಬಡಿಕೆಯ ಕೆಳಗಿದ್ದ ಒಂದು ಜನಾಂಗಕ್ಕೆ, ಒಂದು ವರ್ಷದ ಒಂದು ಬರವನ್ನು ಕುರಿತು, ಕಾರಣವನ್ನು ದೇವರಿಂದಲೇ ಕೇಳಿದ ಪ್ರವಾದಿ ಆಡಿದ ಮಾತು. ಪಕ್ಕದ ಹೊಲದವನ ನಷ್ಟಕ್ಕೆ ಕಾರಣ ಹೇಳುವ ಅಧಿಕಾರ ಅದರಿಂದ ನಮಗೆ ಬರುವುದಿಲ್ಲ. ಸಿಲೊವಾಮಿನ ಗೋಪುರ ಬಿದ್ದು ಸತ್ತವರು ಉಳಿದವರಿಗಿಂತ ಪಾಪಿಗಳೋ ಎಂದು ಯೇಸು ಕೇಳಿದ್ದನ್ನು (ಲೂಕ 13:4) ಅಲ್ಲಿಯೇ ಓದಿಸಿ. ಬೇಕಿದ್ದರೆ 2024ರ ಆಗಸ್ಟ್ ನೆನಪಿಸಿ. ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿಹೋಗಿ ಎಡದಂಡೆ ಕಾಲುವೆಯ ರೈತರೆಲ್ಲ ಕಂಗಾಲಾದಾಗ ಅಲ್ಲಿ ತುಂಡಾಗಿದ್ದದ್ದು ಗೇಟಿನ ಸರಪಳಿ. ಕಾಲುವೆಯ ಕೊನೆಯ ಭಾಗದವನಿಗೆ ನೀರು ತಲುಪದಿದ್ದರೆ ಮೊದಲು ಮೇಲ್ಭಾಗದಲ್ಲಿ ಏನಾಗಿದೆಯೆಂದು ನೋಡುತ್ತೇವೆ, ಅವನ ಕಾಣಿಕೆ ಲಕೋಟೆಯನ್ನಲ್ಲ.

ಅಧ್ಯಾಯದ ಕೊನೆಯನ್ನು ಆತುರಪಡದೆ ಓದಿ. ಜನರು ಭಯಪಟ್ಟು ಕಿವಿಗೊಟ್ಟ ಕೂಡಲೇ, ಒಂದು ಕಲ್ಲನ್ನೂ ಎತ್ತುವ ಮೊದಲೇ, ನಾನು ನಿಮ್ಮ ಸಂಗಡ ಇದ್ದೇನೆ ಎಂಬ ಮಾತು ಬಂತು (1:13). ಕೆಲಸ ಶುರುವಾದದ್ದು ಅದರ ನಂತರ, ಮೊದಲ ಸಂದೇಶದಿಂದ 23 ದಿನಗಳಿಗೆ. ಆ ಅವಧಿ ಹಣ್ಣಿನ ಸುಗ್ಗಿಯದು. ಮರ ಕಡಿದು ಸಾಗಿಸಬೇಕು, ಹಾಳುಬಿದ್ದ ಜಾಗ ತೆರವಾಗಬೇಕು. 23 ದಿನ ತಡವೆಂದು ಪ್ರವಾದಿ ಗದರಿಸಲಿಲ್ಲ.

ಎರಡನೆಯ ವಾರಕ್ಕೆ 2:1–9. ತಾರೀಕಿನ ಹಾಳೆಯತ್ತ ಬೆರಳು ತೋರಿಸಿ. ಏಳನೆಯ ತಿಂಗಳ 21 ಎಂದರೆ ಪರ್ಣಶಾಲೆಗಳ ಹಬ್ಬದ ಏಳನೆಯ ದಿನ. ಕೆಲಸ ಹಿಡಿದು ತಿಂಗಳೂ ತುಂಬಿರಲಿಲ್ಲ. ಆ ತಿಂಗಳಲ್ಲೇ ಒಂದನೆಯ ದಿನ ತುತ್ತೂರಿಯ ಹಬ್ಬ, ಹತ್ತನೆಯ ದಿನ ದೋಷಪರಿಹಾರದ ದಿನ, ಹದಿನೈದರಿಂದ ಈ ಹಬ್ಬ, ಮಧ್ಯೆ ಸಬ್ಬತ್ತುಗಳು. ಕಣ್ಣಿಗೆ ಕಾಣುವಂಥದ್ದು ಹೆಚ್ಚೇನೂ ಎದ್ದಿರಲಾರದು. ಸೊಲೊಮೋನನ ದೇವಾಲಯದ ಪ್ರತಿಷ್ಠೆಯೂ ಇದೇ ಏಳನೆಯ ತಿಂಗಳ ಹಬ್ಬದಲ್ಲಿ ನಡೆದಿತ್ತು (1 ಅರಸುಗಳು 8:2). ಆ ಮಂದಿರವನ್ನು ಕಂಡಿದ್ದವರು ಈಗ ಎಪ್ಪತ್ತು ದಾಟಿದ ಮುದುಕರು. ಇದು ನಿಮ್ಮ ಕಣ್ಣಿಗೆ ಏನೂ ಅಲ್ಲದಂತೆ ಕಾಣುತ್ತದಲ್ಲವೇ ಎಂದು ಹಗ್ಗಾಯ ಅವರ ಮನಸ್ಸಿನಲ್ಲಿದ್ದದ್ದನ್ನು ತಾನೇ ಬಾಯಿಬಿಟ್ಟು ಕೇಳುತ್ತಾನೆ. ಮುದುಕರ ನೆನಪನ್ನು ಸುಳ್ಳೆನ್ನುವುದಿಲ್ಲ, ಬಾಯಿ ಮುಚ್ಚಿಸುವುದೂ ಇಲ್ಲ. ಬಲಗೊಳ್ಳಿರಿ, ಕೆಲಸ ನಡೆಸಿರಿ, ನಾನಿದ್ದೇನೆ ಎಂಬಷ್ಟೇ ಉತ್ತರ. ನಿಮ್ಮ ಸಭೆಯ ಹಿರಿಯರನ್ನು ಆ ದಿನ ಮೊದಲು ಮಾತನಾಡಿಸಿ, ಹಳೆಯ ಸಭೆಯಲ್ಲಿ ಏನು ಕಂಡಿದ್ದರು ಎಂದು ಕೇಳಿ. ಬೆಳ್ಳಿ ನನ್ನದು, ಬಂಗಾರ ನನ್ನದು ಎಂಬ ಎಂಟನೆಯ ವಚನವನ್ನು ಯಾರಾದರೂ ತಮ್ಮ ವ್ಯಾಪಾರದ ವಾಗ್ದಾನವನ್ನಾಗಿ ಎತ್ತಿದರೆ, ಹಿಂದುಮುಂದಿನ ವಚನಗಳನ್ನು ಓದಿಸಿದರೆ ಸಾಕು. ಅಲ್ಲಿ ಬೆಳ್ಳಿಬಂಗಾರ ಬರುವುದು ಆ ಆಲಯಕ್ಕೆ.

ಮೂರನೆಯ ವಾರದ 2:10–19 ಪುಸ್ತಕದ ಅತಿ ಕಷ್ಟದ ಭಾಗ, ನನ್ನ ಮಟ್ಟಿಗೆ ಅತಿ ಮುಖ್ಯವಾದದ್ದೂ ಹೌದು. ಆ ರಾತ್ರಿ ಹಾಡುಗಳನ್ನು ಕಡಿಮೆ ಮಾಡಿಯಾದರೂ ಇದಕ್ಕೆ ಪೂರ್ತಿ ಸಮಯ ಕೊಡಿ.

ಹಗ್ಗಾಯ ಯಾಜಕರಿಗೆ ಎರಡು ಪ್ರಶ್ನೆ ಹಾಕುತ್ತಾನೆ. ಒಬ್ಬನು ಪವಿತ್ರ ಮಾಂಸವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗುವಾಗ ಆ ಸೆರಗು ರೊಟ್ಟಿಗೋ ಎಣ್ಣೆಗೋ ತಗಲಿದರೆ ಅವು ಪವಿತ್ರವಾಗುತ್ತವೆಯೇ? ಇಲ್ಲ ಎನ್ನುತ್ತಾರೆ. ಹೆಣ ಮುಟ್ಟಿ ಅಶುದ್ಧನಾದವನು ಅವುಗಳನ್ನು ಮುಟ್ಟಿದರೆ ಅಶುದ್ಧವಾಗುತ್ತವೆಯೇ? ಹೌದು ಎನ್ನುತ್ತಾರೆ. ಜ್ವರ ಬಂದವನ ಪಕ್ಕ ಮಲಗಿದರೆ ಜ್ವರ ಅಂಟೀತು, ಗಟ್ಟಿಮುಟ್ಟಾದವನ ಪಕ್ಕ ಮಲಗಿದ ಮಾತ್ರಕ್ಕೆ ಆರೋಗ್ಯ ಅಂಟದು ಎಂದರೆ ಎಲ್ಲರಿಗೂ ತಿಳಿಯುತ್ತದೆ. ಈ ಜನರೂ ಹೀಗೆಯೇ, ಅವರು ಅರ್ಪಿಸುವುದೂ ಅಶುದ್ಧ ಎಂದು ಹಗ್ಗಾಯ ಮುಗಿಸುತ್ತಾನೆ. ದೇವಾಲಯದ ಕಲ್ಲು ಹೊತ್ತ ಮಾತ್ರಕ್ಕೆ, ಪವಿತ್ರ ಕಟ್ಟಡದ ಹತ್ತಿರ ಇದ್ದ ಮಾತ್ರಕ್ಕೆ ಮನುಷ್ಯ ಪವಿತ್ರನಾಗುವುದಿಲ್ಲ. ಮೂರು ತಿಂಗಳು ಬೆವರು ಸುರಿಸಿದ ಕೆಲಸಗಾರರಿಗೆ ಈ ಮಾತು ಹೇಳಿದ್ದು ಎಂಬುದನ್ನು ಹಾಳೆಯಲ್ಲಿ ತೋರಿಸಿ. ಕಟ್ಟಡವಾದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಹಗ್ಗಾಯನೇ ಇಲ್ಲಿ ಅಡ್ಡ ನಿಲ್ಲುತ್ತಾನೆ.

ಇಲ್ಲಿ ಒಂದು ಎಚ್ಚರ ಬೇಕೇ ಬೇಕು. ನಮ್ಮ ಊರುಗಳಲ್ಲಿ ‘ಮುಟ್ಟಿದರೆ ಅಶುದ್ಧ’ ಎಂಬ ಮಾತು ಕಿವಿಗೆ ಬಿದ್ದೊಡನೆ ಬಾವಿ, ಹೋಟೆಲಿನ ಬೇರೆ ಲೋಟ, ಗುಡಿಯ ಹೊಸ್ತಿಲು ನೆನಪಾಗುತ್ತವೆ. ಆ ಗಾಯ ಹೊತ್ತವರು ನಿಮ್ಮ ಕೂಟದಲ್ಲೇ ಕುಳಿತಿರಬಹುದು. ಓದುವ ಮೊದಲೇ ಅರಣ್ಯಕಾಂಡದ 19ನೆಯ ಅಧ್ಯಾಯದ 11ರಿಂದ 13ನೆಯ ವಚನಗಳನ್ನು ಓದಿಸಿ. ಅಲ್ಲಿಯ ಅಶುದ್ಧತೆ ಹುಟ್ಟಿನಿಂದ ಬಂದದ್ದಲ್ಲ, ಕುಲಕ್ಕೆ ಅಂಟಿದ್ದಲ್ಲ. ಮನೆಯಲ್ಲಿ ಸಾವಾದರೆ ಯಾರಿಗಾದರೂ ಬರುವಂಥದ್ದು. ಮೂರನೆಯ ದಿನ, ಏಳನೆಯ ದಿನ ಶುದ್ಧಿ ಮಾಡಿಕೊಂಡರೆ ಹೋಗುವಂಥದ್ದು. ಸತ್ತ ತಂದೆಯನ್ನು ಮುಟ್ಟಿ ಮಣ್ಣು ಮಾಡಿದ ಮಗನ ಮೇಲೆ ಅದು ಅಪವಾದವೂ ಅಲ್ಲ. ಇನ್ನು ಹಗ್ಗಾಯ ಊರನ್ನು ಶುದ್ಧರು, ಅಶುದ್ಧರು ಎಂದು ಎರಡು ಕೇರಿ ಮಾಡುವುದಿಲ್ಲ. ಇಡೀ ಜನವನ್ನು, ಅವರು ತಂದ ಕಾಣಿಕೆಯ ಸಮೇತ, ಒಂದೇ ಕಡೆ ನಿಲ್ಲಿಸುತ್ತಾನೆ. ‘ಮೈಲಿಗೆ’ ಎಂಬ ಪದವನ್ನು ಆ ರಾತ್ರಿ ಬಳಸಬೇಡಿ. ಅದರ ಬೆನ್ನಿಗೆ ಬರುವ ಅರ್ಥಗಳು ಈ ವಚನದಲ್ಲಿ ಇಲ್ಲ.

ಆಮೇಲೆ ಲೆಕ್ಕಕ್ಕೆ ಬನ್ನಿ, ಇಲ್ಲಿ ರೈತರು ನಿಮಗಿಂತ ಮುಂದೆ ಹೋಗುತ್ತಾರೆ. 20 ಅಳತೆ ಆಗುತ್ತದೆಂದುಕೊಂಡು ರಾಶಿಗೆ ಬಂದರೆ 10 ಇತ್ತು. 50 ಪಾತ್ರೆ ತುಂಬಿಕೊಳ್ಳಲು ದ್ರಾಕ್ಷಿಯ ತೊಟ್ಟಿಗೆ ಬಂದರೆ 20 ಇತ್ತು. ರಾಶಿ ಕಂಡ ಕೂಡಲೇ ಇಷ್ಟು ಚೀಲ ಎಂದು ಹೇಳುವ ಕಣ್ಣು ನಿಮ್ಮವರಿಗಿದೆ. ಕಣ್ಣಂದಾಜಿನಲ್ಲಿ ಒಂದೆರಡು ಚೀಲ ಹೆಚ್ಚುಕಡಿಮೆಯಾಗುವುದು ಸಹಜ. ರಾಶಿಯಲ್ಲಿ ಅರ್ಧಕ್ಕರ್ಧ, ತೊಟ್ಟಿಯಲ್ಲಿ ಅರ್ಧಕ್ಕಿಂತಲೂ ಕಡಿಮೆ ಬಂದರೆ ಮನೆಯವನ ಎದೆ ಏನಾಗುತ್ತದೆ? ಅದನ್ನು ಅವರೇ ಹೇಳಲಿ, ಎಷ್ಟು ಚೀಲ ನೆನೆಸಿದ್ದರು, ಎಷ್ಟು ಸಿಕ್ಕಿತು, ಆ ವರ್ಷ ಮನೆಯಲ್ಲಿ ಏನು ನಿಂತುಹೋಯಿತು. ಮುಂದಿನ ವಚನ ಕಾರಣಗಳನ್ನೂ ಹೆಸರಿಸುತ್ತದೆ: ಬಿಸಿಗಾಳಿಗೆ ಪೈರು ಒಣಗಿದ್ದು, ಬೂಷ್ಟು, ಆನೆಕಲ್ಲು ಮಳೆ.

ಈಗ 18, 19ನೆಯ ವಚನಗಳು. ಒಂಬತ್ತನೆಯ ತಿಂಗಳ 24 ಎಂಬ ದಿನವನ್ನು ಬೆರಳಿಟ್ಟು ತೋರಿಸಿ, ಈ ದಿನ ಯೆಹೂದದ ಹೊಲದಲ್ಲಿ ಏನಿರುತ್ತದೆ ಎಂದು ಕೇಳಿ ಸುಮ್ಮನೆ ಕಾಯಿರಿ. ಡಿಸೆಂಬರ್ 18. ಬಿತ್ತನೆ ಮುಗಿಯುತ್ತಾ ಬಂದಿದೆ ಅಥವಾ ಈಗಷ್ಟೇ ಮುಗಿದಿದೆ. ಕಣಜದಲ್ಲಿ ಬೀಜ ಇದೆಯೇ ಎಂದು ಹಗ್ಗಾಯ ಕೇಳುತ್ತಾನೆ. ಇಲ್ಲ, ಅದು ಮಣ್ಣಿಗೆ ಹೋಗಿದೆ. ದ್ರಾಕ್ಷಿ, ಅಂಜೂರ, ದಾಳಿಂಬೆ, ಎಣ್ಣೆಮರ ಯಾವುದೂ ಫಲ ಕೊಟ್ಟಿಲ್ಲ. ಕೊಯ್ಲಿಗೆ ಇನ್ನೂ ನಾಲ್ಕೈದು ತಿಂಗಳು. ವರ್ಷದಲ್ಲೇ ರೈತನ ಕೈ ಅತಿ ಬರಿದಾಗಿರುವ ಹೊತ್ತು ಇದು, ಮನೆಯಲ್ಲಿದ್ದ ಬೀಜವನ್ನೂ ನೆಲಕ್ಕೆ ಕೊಟ್ಟು ಕೂತಿದ್ದಾನೆ. ಆ ದಿನ ದೇವರು, ಈ ಹೊತ್ತಿನಿಂದ ನಿಮ್ಮನ್ನು ಆಶೀರ್ವದಿಸುವೆನು ಎನ್ನುತ್ತಾನೆ.

ಈ ದಿನವನ್ನು ಬಿಟ್ಟು ಓದಿದವರು ಪುಸ್ತಕವನ್ನು ಒಂದು ಸೂತ್ರ ಮಾಡಿಬಿಡುತ್ತಾರೆ: ದೇವಾಲಯ ಕಟ್ಟಿ, ಮಳೆ ತಗೊಳ್ಳಿ. ತಾರೀಕುಗಳು ಆ ಸೂತ್ರಕ್ಕೆ ಒಗ್ಗುವುದಿಲ್ಲ. ಕೆಲಸ ಶುರುವಾದ ದಿನ ಈ ಮಾತು ಬರಲಿಲ್ಲ. ಮುಗಿದ ದಿನವೂ ಅಲ್ಲ, ಏಕೆಂದರೆ ದೇವಾಲಯ ಮುಗಿದದ್ದು ದಾರ್ಯಾವೆಷನ ಆರನೆಯ ವರ್ಷದಲ್ಲಿ, ಕ್ರಿ.ಪೂ. 515ರ ಮಾರ್ಚ್‌ನಲ್ಲಿ. ಮುಖ್ಯವಾಗಿ, ಮುಂದಿನ ಬೆಳೆ ಹೇಗೆ ಬಂತು ಎಂದು ಹಗ್ಗಾಯನ ಪುಸ್ತಕ ಹೇಳುವುದೇ ಇಲ್ಲ. ಎಷ್ಟು ಅಳತೆ ರಾಶಿಯಾಯಿತು, ತೊಟ್ಟಿ ತುಂಬಿತೇ ಎಂಬ ಒಂದು ಸಾಲೂ ಇಲ್ಲ. ಬೀಜ ಮಣ್ಣಿನಲ್ಲಿರುವಾಗ ಕೊಟ್ಟ ಮಾತು, ಮಾತಾಗಿಯೇ ನಿಂತಿದೆ. ನಿಮ್ಮ ಕೂಟದಲ್ಲಿ ಕಳೆದ ವರ್ಷ ಹತ್ತಿ ಕಳೆದುಕೊಂಡವನಿಗೆ ನಿಜವಾಗಿ ಕೈಗೆಟಕುವ ವಚನ ಇದು. ಇಂತಿಷ್ಟು ಚೀಲ ಬರುತ್ತದೆ ಎಂದು ಅವನಿಗೆ ನೀವು ಭರವಸೆ ಕೊಡಬೇಕಾಗಿಲ್ಲ, ಕೊಡಲೂಬಾರದು. ದೇವರು ಮಾತನಾಡಿದ್ದು ಏನೂ ಕಾಣದ ದಿನದಲ್ಲಿ ಎಂದು ಹಾಳೆ ತೋರಿಸಿ ಹೇಳಬಹುದು. ಆ ವಾರದ ಪ್ರಾರ್ಥನೆ ಉದ್ದವಾಗದಿರಲಿ. ಪ್ರತಿಯೊಬ್ಬರೂ ಈಗ ತಮ್ಮ ಮಣ್ಣಿನಲ್ಲಿರುವ ಒಂದನ್ನು ಹೆಸರಿಸಲಿ, ಬಿತ್ತಿದ ತೊಗರಿಯಾಗಲಿ, ಕಾಲೇಜಿಗೆ ಸೇರಿಸಿದ ಮಗಳಾಗಲಿ, ಅಷ್ಟು ಸಾಕು.

ನಾಲ್ಕನೆಯ ವಾರ 2:20–23, ಮೂರನೆಯ ಸಂದೇಶದ ದಿನವೇ ಬಂದದ್ದು. ಜೆರುಬ್ಬಾಬೆಲನನ್ನು ಮುದ್ರೆಯುಂಗುರದಂತೆ ಮಾಡುವೆನು ಎಂಬ ಮಾತು ಅರ್ಥವಾಗಬೇಕಾದರೆ ಯೆರೆಮೀಯ 22:24 ಓದಬೇಕು. ಅವನ ಅಜ್ಜ ಅರಸ ಕೊನ್ಯನು ಬಲಗೈಯ ಮುದ್ರೆಯುಂಗುರವಾಗಿದ್ದರೂ ಕಿತ್ತೆಸೆಯುವೆನು ಎಂದು ದೇವರು ಅಲ್ಲಿ ಹೇಳಿದ್ದ. ಕಿತ್ತ ಉಂಗುರ ಮೊಮ್ಮಗನಲ್ಲಿ ಬೆರಳಿಗೆ ಮರಳುತ್ತದೆ. ಜೆರುಬ್ಬಾಬೆಲ ಅರಸನಾಗಲಿಲ್ಲ, ಪಾರಸಿಯ ಕೈಕೆಳಗಿನ ದೇಶಾಧಿಪತಿಯಾಗಿದ್ದ, ಆಮೇಲೆ ಅವನ ಸುದ್ದಿಯೇ ಇಲ್ಲ. ಹೆಸರು ಮತ್ತಾಯ 1:12–13ರ ವಂಶಾವಳಿಯಲ್ಲೂ ಇದೆ. ಇದನ್ನು ಓದಿಸಿ ನಿಲ್ಲಿಸಿ. ಆಕಾಶವನ್ನೂ ಭೂಮಿಯನ್ನೂ ಅಲುಗಿಸುವೆನು ಎಂದು ಈ ಭಾಗ ಹೇಳುವ ಕಂಪನ ಇಂದಿನ ಯಾವ ದೇಶ, ಯಾವ ಯುದ್ಧ ಎಂದು ಚರ್ಚೆ ಎದ್ದರೆ ಒಂದು ಗಂಟೆ ಅದಕ್ಕೇ ಹೋಗುತ್ತದೆ, ಪುಸ್ತಕದಲ್ಲಿ ಅದಕ್ಕೆ ಆಧಾರವೂ ಸಿಗದು. ಉಳಿದ ಸಮಯದಲ್ಲಿ ಇಡೀ ಪುಸ್ತಕವನ್ನು ಮತ್ತೊಮ್ಮೆ ಗಟ್ಟಿಯಾಗಿ ಓದಿಸಿ. ಈ ಸಲ ತಾರೀಕು ಬಂದಲ್ಲೆಲ್ಲ ಓದುಗ ನಿಲ್ಲಲಿ, ಆ ದಿನ ಹೊಲದಲ್ಲಿ ಏನಿತ್ತು ಎಂದು ಓದು ಬಾರದವರೇ ಹೇಳಲಿ.

ಪ್ರತಿ ವಾರ ನೀವು ಕೇಳಬೇಕಾದ ಪ್ರಶ್ನೆ ಎರಡಕ್ಕಿಂತ ಹೆಚ್ಚಾಗದಿರಲಿ. ಒಂದು ವಚನದೊಳಗೆ ಏನಿದೆ ಎಂಬುದು, ಇನ್ನೊಂದು ನಮ್ಮ ಬಾಳಿನಲ್ಲಿ ಅದೆಲ್ಲಿ ತಗಲುತ್ತದೆ ಎಂಬುದು. ಮೊದಲನೆಯದು ಮುಗಿಯದೆ ಎರಡನೆಯದಕ್ಕೆ ಹೋಗಬೇಡಿ. ನೀವೊಬ್ಬರೇ ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಮಾತನಾಡುತ್ತಿದ್ದರೆ ಅದು ಪ್ರಸಂಗವಾಗಿದೆ, ನಿಲ್ಲಿಸಿ ಯಾರಿಗಾದರೂ ವಚನವನ್ನು ಮತ್ತೆ ಓದಲು ಹೇಳಿ. ಕಟ್ಟಡದ ಮಾತನ್ನು ಹಿರಿಯರು ಎತ್ತಿಯೇ ಎತ್ತುತ್ತಾರೆ. ನಾಲ್ಕು ವಾರ ಕಳೆದ ಮೇಲೆ ಅದಕ್ಕೆಂದೇ ಬೇರೆ ದಿನ ಸಭೆ ಕರೆಯೋಣ ಎಂದು ಮೊದಲೇ ಒಪ್ಪಿಸಿಕೊಳ್ಳಿ.

ಐದನೆಯ ಗುರುವಾರವೂ ಸಿಕ್ಕರೆ ಜೆಕರ್ಯ 1:1–6 ಓದಿ. ಅದು ಅದೇ ವರ್ಷದ ಎಂಟನೆಯ ತಿಂಗಳಿನದು, ಹಗ್ಗಾಯನ ಎರಡನೆಯ ಮತ್ತು ಮೂರನೆಯ ಸಂದೇಶಗಳ ನಡುವೆ ಬೀಳುತ್ತದೆ. ಗೋಡೆಯ ಹಾಳೆಯಲ್ಲಿ ಅಕ್ಟೋಬರ್ 17ಕ್ಕೂ ಡಿಸೆಂಬರ್ 18ಕ್ಕೂ ಮಧ್ಯೆ ಅದಕ್ಕೆ ಈಗಲೇ ಜಾಗ ಬಿಟ್ಟಿರಿ.